ಗಿಡ್ಡಗಿರುವ ಹುಡುಗನಿಗೆ ಕೋಚ್ ಹೇಳಬೇಕಾದ ಹತ್ತು ನಿಮಿಷದ ಮಾತು

ಮುಂಬಯಿಯ ಯಾವ ಮೈದಾನಕ್ಕೆ ಹೋದರೂ 14ರೊಳಗಿನ ಹುಡುಗರ ನೆಟ್ಸ್‌ನಲ್ಲಿ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಒಬ್ಬ ಹುಡುಗ 168 ಸೆಂಟಿಮೀಟರ್ ಇರುತ್ತಾನೆ, ಮೀಸೆ ಚಿಗುರಿರುತ್ತದೆ. ಪಕ್ಕದ ನೆಟ್‌ನಲ್ಲಿ ಅದೇ ತರಗತಿಯ ಇನ್ನೊಬ್ಬ 142ರಲ್ಲೇ ನಿಂತಿರುತ್ತಾನೆ. ಗೈಲ್ಸ್ ಶೀಲ್ಡ್‌ಗೆ ಶಾಲೆಯ ತಂಡ ಆರಿಸುವ ದಿನ ಬಂದಾಗ ಈ ಎರಡನೆಯವನ ಮುಖದಲ್ಲಿ ಒಂದೇ ಪ್ರಶ್ನೆ ಇರುತ್ತದೆ. ಕೋಚ್ ಬಹುಪಾಲು ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತಾರೆ, ಇಲ್ಲವೇ ಬೆನ್ನು ತಟ್ಟಿ "ಸಚಿನ್ ಕೂಡ ಗಿಡ್ಡನೇ ಕಣೋ" ಎಂದು ಮುಗಿಸುತ್ತಾರೆ. ಎರಡರಿಂದಲೂ ಹುಡುಗನಿಗೆ ಏನೂ ಸಿಗುವುದಿಲ್ಲ. ಸಚಿನ್ ಸಚಿನ್ ಆದದ್ದು ಹೇಗೆ ಎಂಬುದು ಅವನಿಗೆ ಗೊತ್ತಿಲ್ಲ. ನಿನ್ನೆ ಎದೆಗೆ ಬಂದ ಚೆಂಡನ್ನು ಏನು ಮಾಡಬೇಕಿತ್ತು ಎಂಬುದು ಅವನಿಗೆ ಬೇಕು.

ಆದ್ದರಿಂದ ಈ ಮಾತನ್ನು ಸಮಾಧಾನ ಹೇಳುವ ಕೆಲಸ ಎಂದುಕೊಳ್ಳದೆ ಒಂದು ಪಾಠ ಎಂದುಕೊಂಡು ತಯಾರಾಗಿ. ಬ್ಯಾಟಿಂಗ್‌ನಲ್ಲಿ ಪ್ರತಿಭೆಯ ಬಹುಭಾಗ ಇರುವುದು ಚೆಂಡಿನ ಲೆಂಗ್ತನ್ನು ಬೇಗ ಗುರುತಿಸಿ ಸರಿಯಾದ ಕಾಲಿನ ಮೇಲೆ ನಿಲ್ಲುವುದರಲ್ಲಿ. ಅದನ್ನು ಹುಡುಗನ ಕಣ್ಣೆದುರೇ ಅಳೆದು ತೋರಿಸಬಹುದು. ಕೆಳಗಿರುವುದು 13 ವರ್ಷದ, 142 ಸೆಂ.ಮೀ. ಎತ್ತರದ ಬ್ಯಾಟ್ಸ್‌ಮನ್ ಒಬ್ಬನನ್ನು ಎದುರಿಗಿಟ್ಟುಕೊಂಡು ಹಾಕಿದ ಲೆಕ್ಕ. ನಿಮ್ಮ ಹುಡುಗನ ಎತ್ತರಕ್ಕೆ ತಕ್ಕಂತೆ ಅಂಕಿ ಬದಲಾಯಿಸಿಕೊಳ್ಳಿ.

ಮಾತಿಗೆ ಮುಂಚಿನ ದಿನ

ಮೊದಲು ಅವನ ಕಿಟ್ ಬ್ಯಾಗ್ ತೆಗೆಸಿ ನೋಡಿ. ಗಿಡ್ಡ ಹುಡುಗರ ತೊಂದರೆಗಳಲ್ಲಿ ಅರ್ಧದಷ್ಟು ಅಲ್ಲಿಯೇ ಇರುತ್ತವೆ. ಬ್ಯಾಟ್ ದುಬಾರಿ, ಎರಡು ವರ್ಷ ಬರಲಿ ಎಂದು ಮನೆಯವರು ಒಂದೆರಡು ಅಳತೆ ದೊಡ್ಡದನ್ನೇ ಕೊಡಿಸಿರುತ್ತಾರೆ. 142 ಸೆಂ.ಮೀ. ಹುಡುಗನಿಗೆ ಸಾಮಾನ್ಯವಾಗಿ 4ನೇ ಸೈಜ್ ಸರಿಹೋಗುತ್ತದೆ, ಬೇಗ ಬೆಳೆಯುತ್ತಿದ್ದರೆ 5. ಅವನ ಕೈಯಲ್ಲಿ 6 ಅಥವಾ ಹ್ಯಾರೋ ಇದ್ದರೆ ಪುಲ್ ಆಡಲು ಬ್ಯಾಟ್ ತಡವಾಗಿ ಬರುತ್ತದೆ, ನೇರ ಬರಬೇಕಾದ ಬ್ಯಾಟ್ ಅಡ್ಡ ಬರುತ್ತದೆ, ಕೆಳಗಿನ ಕೈ ಹಿಡಿಯ ಬುಡಕ್ಕೆ ಜಾರಿರುತ್ತದೆ. ಹುಡುಗ ಅದನ್ನೆಲ್ಲ ತನ್ನ ಎತ್ತರದ ಖಾತೆಗೆ ಹಾಕಿಕೊಳ್ಳುತ್ತಾನೆ.

ಪರೀಕ್ಷೆ ಸುಲಭ. ಮೇಲಿನ ಕೈ ಒಂದರಲ್ಲೇ ಬ್ಯಾಟ್ ಹಿಡಿದು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಲಿ. ಇಪ್ಪತ್ತು ಸೆಕೆಂಡಿನೊಳಗೆ ಕೈ ನಡುಗಿ ಕೆಳಗಿಳಿದರೆ ಬ್ಯಾಟ್ ಭಾರ. ಆಮೇಲೆ ಸ್ಟಾನ್ಸ್‌ನಲ್ಲಿ ನಿಲ್ಲಿಸಿ: ಹಿಡಿಯ ತುದಿ ಹೊಟ್ಟೆಗೆ ತಾಗುತ್ತಿದ್ದರೆ, ಅಥವಾ ಅದನ್ನು ತಪ್ಪಿಸಲು ಅವನು ಮೊಣಕೈ ಹೊರಗೆ ತಳ್ಳಿ ನಿಂತಿದ್ದರೆ, ಬ್ಯಾಟ್ ಉದ್ದ. ಪ್ಯಾಡ್‌ನಲ್ಲಿ ಮೊಣಕಾಲಿನ ಉಬ್ಬು ಮೊಣಕಾಲಿನ ಮೇಲೆಯೇ ಕೂರಬೇಕು. ತೊಡೆಗೆ ಏರಿದ್ದರೆ ಓಡುವಾಗ ಕಾಲು ಕಾಲಿಗೆ ಸಿಕ್ಕುತ್ತದೆ. ಹಾಗೇನಾದರೂ ಇದ್ದರೆ ಮಾತು ಆಡುವ ಮೊದಲೇ ತಂಡದ ಬ್ಯಾಗಿನಿಂದ ಸರಿಯಾದ ಅಳತೆಯದನ್ನು ಕೊಡಿ. ಭಾರದ ಬ್ಯಾಟ್ ಕೈಯಲ್ಲಿಟ್ಟು "ಎತ್ತರ ಮುಖ್ಯ ಅಲ್ಲ" ಎಂದರೆ ಹುಡುಗ ನಂಬುವುದಿಲ್ಲ, ನಂಬಬಾರದು ಕೂಡ.

ಎರಡನೆಯ ಸಿದ್ಧತೆ, ಟೇಪು. ಬ್ಯಾಟಿಂಗ್ ಕ್ರೀಸಿನ ಪಕ್ಕದಲ್ಲಿರುವ ನೆಟ್ ಕಂಬಕ್ಕೆ ಮೂರು ಬಣ್ಣದ ಟೇಪು ಸುತ್ತಿ. ಮೊದಲನೆಯದು ನೆಲದಿಂದ 85 ಸೆಂ.ಮೀ.; ಅದು ಈ ಹುಡುಗನ ಸೊಂಟ. ಎರಡನೆಯದು 100; ಅದು 168 ಸೆಂ.ಮೀ. ಇರುವವನ ಸೊಂಟ. ಮೂರನೆಯದು 115, ಅದು ಈ ಹುಡುಗನ ಭುಜ. ಸ್ಟಂಪ್ 71 ಸೆಂ.ಮೀ. ಇರುವುದರಿಂದ ಮೊದಲ ಟೇಪು ಬೇಲ್ಸ್‌ಗಿಂತ ಒಂದು ಗೇಣಿಗಿಂತಲೂ ಕಡಿಮೆ ಮೇಲೆ ಬರುತ್ತದೆ. ಯಾಕೆ ಕಟ್ಟಿದ್ದೀರಿ ಎಂದು ಅಂದು ಯಾರಿಗೂ ಹೇಳಬೇಡಿ.

ಎಲ್ಲಿ, ಯಾವಾಗ

ಔಟಾಗಿ ಬಂದ ಐದು ನಿಮಿಷದಲ್ಲಿ ಬೇಡ. ಆಗ ಅವನ ಕಿವಿಗೆ ಏನೂ ಇಳಿಯುವುದಿಲ್ಲ. ತಂಡದ ಪಟ್ಟಿ ಓದಿದ ಸಂಜೆಯೂ ಬೇಡ. ಆಗ ಹೇಳಿದ್ದೆಲ್ಲ ಕನಿಕರದಂತೆ ಕೇಳಿಸುತ್ತದೆ. ಮರುದಿನ ಎಲ್ಲರಿಗಿಂತ ಇಪ್ಪತ್ತು ನಿಮಿಷ ಮೊದಲು ಬರಲು ಹೇಳಿ. ಡೊಂಬಿವಲಿ, ಠಾಣೆ ಕಡೆಯಿಂದ ಲೋಕಲ್ ಹಿಡಿದು ಶಿವಾಜಿ ಪಾರ್ಕ್‌ಗೋ ಆಜಾದ್ ಮೈದಾನಕ್ಕೋ ಬರುವ ಹುಡುಗನಾದರೆ ಮನೆಗೂ ಒಂದು ಮಾತು ತಿಳಿಸಿ, ಗಾಬರಿ ಬೀಳದಿರಲಿ.

ನಿಂತು ಮಾತಾಡಬೇಡಿ. ನೀವು ನಿಂತರೆ ಅವನು ಕತ್ತು ಎತ್ತಿ ನೋಡಬೇಕು. ಎತ್ತರದ ಬಗ್ಗೆ ಆಡುವ ಮಾತಿಗೆ ಅದಕ್ಕಿಂತ ಕೆಟ್ಟ ಆರಂಭ ಇಲ್ಲ. ರೋಲರ್ ಮೇಲೋ ಬೆಂಚಿನ ಮೇಲೋ ಇಬ್ಬರೂ ಕೂರಿ. ನೆಟ್ಸ್‌ನಲ್ಲಿ ಉಳಿದ ಮಾತೆಲ್ಲ ಹಿಂದಿ, ಮರಾಠಿಯಲ್ಲಿ ನಡೆಯುವುದರಿಂದ ನಿಮ್ಮಿಬ್ಬರದು ಕನ್ನಡ ಮನೆಯಾದರೆ ಈ ಮಾತು ಕನ್ನಡದಲ್ಲೇ ಇರಲಿ. ಸುತ್ತ ಸುಳಿಯುವ ಹುಡುಗರಿಗೆ ಅದು ಅಷ್ಟಾಗಿ ಮುಟ್ಟುವುದಿಲ್ಲ. ಇವನಿಗೂ ಮನೆಯ ಮಾತಿನಲ್ಲಿ ತನ್ನ ಕಷ್ಟ ಹೇಳುವುದು ಸಲೀಸು.

ಮಾತು

ಶುರು ಮಾಡುವುದು ಪ್ರಶ್ನೆಯಿಂದ. ಎತ್ತರದ ಸುದ್ದಿ ನೀವಾಗಿ ಎತ್ತಬೇಡಿ, ಅವನೇ ಎತ್ತುತ್ತಾನೆ.

"ಬಾ ಮಗಾ, ಕೂತ್ಕೋ. ನಿನ್ನೆ ಮ್ಯಾಚಲ್ಲಿ ಏನಾಯ್ತು?"

"ಸರ್, ಬಾಲ್ ಎದೆಗೆ ಬಂತು. ನಾನು ಗಿಡ್ಡ ಅಲ್ವಾ, ಅದಕ್ಕೇ ಅವನು ಅಲ್ಲೇ ಹಾಕ್ತಿದ್ದ."

"ಎದೆಗೆ ಬಂದಿದ್ದು ನಾನೂ ನೋಡ್ದೆ. ಆಗ ನಿನ್ನ ಕಾಲು ಎಲ್ಲಿತ್ತು?"

"ಮುಂದೆ ಹಾಕಿದ್ದೆ ಸರ್."

"ಶಾರ್ಟ್ ಬಾಲಿಗೆ ಮುಂದೆ ಯಾಕೆ ಹೋದೆ?"

ಇಲ್ಲಿ ಸುಮ್ಮನಿರಿ. ಉತ್ತರ ಬರಲು ಸಮಯ ಹಿಡಿಯುತ್ತದೆ. "ಗೊತ್ತಾಗ್ಲಿಲ್ಲ ಸರ್, ಫುಲ್ ಬರುತ್ತೆ ಅಂದ್ಕೊಂಡೆ" ಎಂದರೆ ನಿಮಗೆ ಬೇಕಾದ ಎಳೆ ಸಿಕ್ಕಿತು.

"ಹಂಗಾದ್ರೆ ಮೊದಲ ತಪ್ಪು ಕಣ್ಣಿಂದು, ಎರಡನೇದು ಕಾಲಿಂದು. ಎತ್ತರದ ಮಾತು ಮೂರನೇದು. ನಿನಗಿಂತ ಉದ್ದ ಇರೋನೂ ಆ ಬಾಲಿಗೆ ಮುಂದೆ ಹೋಗಿದ್ರೆ ಒದ್ದಾಡ್ತಿದ್ದ. ನಿನಗೆ ಕಷ್ಟ ಅವನಿಗಿಂತ ಜಾಸ್ತಿ ಆಯ್ತು, ಅದು ನಿಜ. ಸುಳ್ಳು ಹೇಳಲ್ಲ. ಆದ್ರೆ ನೀನು ಹಿಂದೆ ಹೋಗಿದ್ರೆ ಅದೇ ಬಾಲ್ ನಿಂದಾಗ್ತಿತ್ತು. ಬಾ, ತೋರಿಸ್ತೀನಿ."

ಕೂತು ಆಡುವ ಮಾತು ಇಷ್ಟೇ, ಮೂರು ನಾಲ್ಕು ನಿಮಿಷ. ಉಳಿದದ್ದು ಕಂಬದ ಹತ್ತಿರ.

ಮೊದಲ ಎರಡು ಟೇಪುಗಳ ನಡುವೆ, ಅಂದರೆ 85ರಿಂದ 100ರವರೆಗಿನ ಪಟ್ಟಿಯಲ್ಲಿ ನಿಮ್ಮ ಕೈಯಲ್ಲಿ ಚೆಂಡು ಹಿಡಿದು ತೋರಿಸಿ. ಎತ್ತರದ ಹುಡುಗನಿಗೆ ಇದು ಸೊಂಟದ ಕೆಳಗೆ ಬರುವ ಚೆಂಡು. ಪುಲ್ ಮಾಡಲು ಅವನು ಬಗ್ಗಬೇಕು, ಇಲ್ಲವೇ ನೇರ ಬ್ಯಾಟಿನಿಂದ ತಡೆದು ಸುಮ್ಮನಾಗಬೇಕು. ಅದೇ ಚೆಂಡು ಇವನಿಗೆ ಸೊಂಟದ ಮೇಲೆ ಇದೆ, ಪುಲ್ ಮತ್ತು ಕಟ್‌ಗೆ ಒಪ್ಪುವ ಮಟ್ಟದಲ್ಲಿ. ಬೌಲರ್ ತನ್ನ ಪ್ರಕಾರ ಒಳ್ಳೆಯ ಲೆಂಗ್ತಿಗಿಂತ ಒಂದು ಚೂರು ಹಿಂದೆ ಹಾಕಿದರೆ ಸಾಕು, ಇವನಿಗೆ ಹೊಡೆಯುವ ಚೆಂಡು ಸಿಕ್ಕಿತು. ಗಿಡ್ಡ ಬ್ಯಾಟ್ಸ್‌ಮನ್‌ಗಳು ಸ್ಕ್ವೇರ್ ಕಟ್ ಮತ್ತು ಪುಲ್‌ಗೆ ಹೆಸರಾಗಿರುವುದಕ್ಕೆ ಒಂದು ಕಾರಣ ಇಲ್ಲಿದೆ.

ಈಗ ಚೆಂಡನ್ನು 100 ಮತ್ತು 115ರ ನಡುವೆ ಹಿಡಿಯಿರಿ. ಇದು ಅವನ ಎದೆ. ಇದೇ ಅವನ ಕಷ್ಟದ ಪಟ್ಟಿ, ಮುಚ್ಚಿಡಬೇಡಿ. ಮುಂದಿನ ಕಾಲಿನಲ್ಲಿ ಸಿಕ್ಕಿಬಿದ್ದರೆ ಗ್ಲೌಸ್‌ಗೆ ತಾಗಿ ಕ್ಯಾಚ್. ಹಿಂದೆ ಹೋಗಿ, ಕ್ರೀಸಿನ ಆಳದಲ್ಲಿ ನಿಂತು, ಕಾಲ್ಬೆರಳಿನ ಮೇಲೆ ಎದ್ದು, ಮೇಲಿನ ಮೊಣಕೈ ಎತ್ತಿ ಆಡಿದರೆ ಚೆಂಡು ಕಾಲ ಬುಡಕ್ಕೆ ಬೀಳುತ್ತದೆ. ಒಂದೆರಡು ಬಾರಿ ಚೆಂಡಿಲ್ಲದೆ ಆ ಭಂಗಿ ಮಾಡಿಸಿ.

ಮೂರನೇ ಟೇಪಿನ ಮೇಲೆ ಹೋದದ್ದನ್ನು ಬಿಡಬೇಕು. 125 ಸೆಂ.ಮೀ. ಎತ್ತರದಲ್ಲಿ ಬರುವ ಬೌನ್ಸರ್ ಕೆಳಗೆ ಹೋಗಲು ಇವನ ತಲೆ ಒಂದು ಗೇಣು ಇಳಿದರೆ ಸಾಕು, ಮೊಣಕಾಲು ಮಡಿಸಿದರೆ ಮುಗಿಯಿತು. ಎತ್ತರದವನು ತಲೆಯನ್ನು ಅದರ ಎರಡು ಪಟ್ಟಿಗಿಂತ ಹೆಚ್ಚು ಇಳಿಸಬೇಕು. ಒಂದೇ ಷರತ್ತು, ಕಣ್ಣು ಚೆಂಡಿನ ಮೇಲಿಂದ ಸರಿಯಬಾರದು. ಮುಖ ತಿರುಗಿಸಿ ಕೂತರೆ ಹೆಲ್ಮೆಟ್ ಹಿಂಭಾಗಕ್ಕೆ ಪೆಟ್ಟು ಬೀಳುತ್ತದೆ.

ಹೀಗೆ ಮೂರು ಪಟ್ಟಿ ತೋರಿಸಿದ ಮೇಲೆ ಹುಡುಗನ ಪ್ರಶ್ನೆ ಬದಲಾಗುತ್ತದೆ. "ನಾನು ಗಿಡ್ಡ" ಎಂಬಲ್ಲಿಂದ "ಯಾವ ಬಾಲ್ ಯಾವ ಪಟ್ಟಿಗೆ ಬರುತ್ತೆ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?" ಎಂಬಲ್ಲಿಗೆ ಬಂದರೆ ಮಾತು ನಾಟಿದೆ. ಬಾರದಿದ್ದರೆ ನೀವೇ ಕೇಳಿ.

ಹನ್ನೆರಡು ಚೆಂಡಿನ ಪರೀಕ್ಷೆ

ಅದೇ ದಿನ, ಅದೇ ಜಾಗದಲ್ಲಿ ಮಾಡಿ. ಬ್ಯಾಟಿಂಗ್ ಕಡೆಯ ಸ್ಟಂಪಿನಿಂದ 4 ಮೀಟರ್ ದೂರದಲ್ಲಿ ಒಂದು ಜೊತೆ ಕೋನ್, 8 ಮೀಟರ್ ದೂರದಲ್ಲಿ ಇನ್ನೊಂದು ಜೊತೆ ಇಡಿ. ಹುಡುಗ ಹೆಲ್ಮೆಟ್, ಪ್ಯಾಡ್ ಹಾಕಿ ಸ್ಟಾನ್ಸ್‌ನಲ್ಲಿ ನಿಲ್ಲಲಿ, ಆದರೆ ಚೆಂಡು ಹೊಡೆಯಬಾರದು. ನೀವು 15 ಮೀಟರ್ ದೂರದಿಂದ, ಕೈಯನ್ನು ತಲೆಯ ಮೇಲಿನಿಂದ ತಂದು, ಆಫ್ ಸ್ಟಂಪಿನ ಹೊರಗೆ ಟೆನಿಸ್ ಚೆಂಡನ್ನು ಎಸೆಯಿರಿ. ಆರು ಚೆಂಡು ಹತ್ತಿರದ ಕೋನ್ ಬಳಿ ಬೀಳಲಿ, ಆರು ದೂರದ ಕೋನ್ ಬಳಿ, ಕ್ರಮವಿಲ್ಲದೆ. ಚೆಂಡು ನೆಲಕ್ಕೆ ಬೀಳುವ ಮೊದಲೇ ಅವನು ಗಟ್ಟಿಯಾಗಿ "ಮುಂದೆ" ಅಥವಾ "ಹಿಂದೆ" ಎನ್ನಬೇಕು, ಕಾಲನ್ನೂ ಹಾಗೆಯೇ ಇಡಬೇಕು. ಬಿದ್ದ ಮೇಲೆ ಹೇಳಿದ್ದು ಲೆಕ್ಕಕ್ಕಿಲ್ಲ.

ಎಣಿಸುವ ಕೆಲಸ ಅವನದೇ ಇರಲಿ. ಮೊದಲ ದಿನ ಹನ್ನೆರಡರಲ್ಲಿ ಏಳು ಸರಿ ಬಂತು ಎಂದುಕೊಳ್ಳಿ. ತಪ್ಪಿದ ಐದು ಯಾವ ಬಗೆಯವು ಎಂಬುದೇ ಮುಖ್ಯ. ಮುಂದೆ ಬಿದ್ದ ಚೆಂಡಿಗೂ "ಹಿಂದೆ" ಎನ್ನುತ್ತಿದ್ದರೆ ಅವನು ಎಲ್ಲೋ ಪೆಟ್ಟು ತಿಂದಿದ್ದಾನೆ, ಬೌನ್ಸರ್ ಭಯದಿಂದ ಮೊದಲೇ ಹಿಂದೆ ಸರಿಯುತ್ತಿದ್ದಾನೆ. ಅಂಥವನಿಗೆ ಒಂದು ವಾರ ಟೆನಿಸ್ ಚೆಂಡಿನಲ್ಲೇ ಎದೆ ಮಟ್ಟದ ಚೆಂಡು ಆಡಿಸಿ, ಭಯ ಇಳಿದ ಮೇಲೆ ಲೆದರ್ ಕೊಡಿ. ಹಿಂದೆ ಬಿದ್ದದ್ದಕ್ಕೆ "ಮುಂದೆ" ಎನ್ನುತ್ತಿದ್ದರೆ ಅವನು ಚೆಂಡನ್ನು ಕೈಯಿಂದ ಬಿಡುವಾಗ ನೋಡುತ್ತಿಲ್ಲ, ಅರ್ಧ ದಾರಿಯಿಂದ ನೋಡುತ್ತಿದ್ದಾನೆ. ಕಣ್ಣನ್ನು ಎಸೆಯುವವನ ಬೆರಳುಗಳ ಮೇಲಿಡಲು ಹೇಳಿ. ಪೂರ್ತಿ ತಡವಾಗಿ ಹೇಳುತ್ತಿದ್ದರೆ ದೂರವನ್ನು 16–17 ಮೀಟರಿಗೆ ಹೆಚ್ಚಿಸಿ, ಸರಿಹೋದಂತೆ ಹತ್ತಿರ ಬನ್ನಿ.

ಈ ಪರೀಕ್ಷೆಯಲ್ಲಿ ಹುಡುಗನ ಎತ್ತರಕ್ಕೆ ಕೆಲಸವೇ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವನಿಗೇ ಕಾಣುತ್ತದೆ. ಎತ್ತರದ ಹುಡುಗನನ್ನು ಕರೆದು ಇಬ್ಬರನ್ನೂ ಹೋಲಿಸುವ ಆಸೆ ಬಂದರೆ ತಡೆದುಕೊಳ್ಳಿ. ಇವನು ಸೋತರೆ ಇಡೀ ಮಾತು ವ್ಯರ್ಥ, ಗೆದ್ದರೆ ಆ ಇನ್ನೊಬ್ಬನಿಗೆ ಅನ್ಯಾಯ. ವಾರಕ್ಕೆ ಎರಡು ಸಲ ಮಾಡಿಸಿ, ಅವನ ಇಂದಿನ ಅಂಕಿಯನ್ನು ಅವನ ಕಳೆದ ವಾರದ ಅಂಕಿಯ ಪಕ್ಕ ಬರೆಯಿಸಿ. ಹತ್ತು ದಾಟಿದ ಮೇಲೆ ಮೂರನೇ ಜೊತೆ ಕೋನನ್ನು 6 ಮೀಟರಿಗೆ ಇಡಿ. ಮುಂದೆಯೋ ಹಿಂದೆಯೋ ಎಂದು ತೀರ್ಮಾನಿಸಲು ಎಲ್ಲರಿಗೂ ಕಷ್ಟವಾಗುವ ಲೆಂಗ್ತ್ ಅದು. ಕಾಲಿನ ಅಳತೆ ಚಿಕ್ಕದಾದ್ದರಿಂದ ಇವನು ಮುಂದೆ ಹೋಗಿ ಚೆಂಡಿನ ಪುಟಿತವನ್ನು ಮುಚ್ಚಲಾರ. ಅಲ್ಲಿ ಹಿಂದೆ ಹೋಗುವುದೇ ಅವನಿಗೆ ಹೆಚ್ಚು ಲಾಭ. ಎತ್ತರದ ಹುಡುಗನಿಗೆ ಹೇಳಿಕೊಟ್ಟ ಉತ್ತರವನ್ನೇ ಇವನಿಗೂ ಹೇಳಿಕೊಡುವುದು ಅನೇಕ ಕೋಚ್‌ಗಳು ಮಾಡುವ ತಪ್ಪು.

ಉದಾಹರಣೆ ಕೊಡುವುದಾದರೆ

ಹೆಸರು ಹೇಳಬಾರದು ಎಂದೇನಿಲ್ಲ, ಆದರೆ ಹೆಸರಿನ ಜೊತೆ ಆಟವನ್ನೂ ಹೇಳಿ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಮತ್ತು ಮುಂಬಯಿಯ ಸುನಿಲ್ ಗವಾಸ್ಕರ್ ಇಬ್ಬರೂ ಐದೂವರೆ ಅಡಿ ಮುಟ್ಟಿದವರಲ್ಲ. ಗವಾಸ್ಕರ್ ತಂಗಿಯನ್ನೇ ವಿಶ್ವನಾಥ್ ಮದುವೆಯಾದದ್ದರಿಂದ ಮುಂಬಯಿಯ ಕನ್ನಡ ಹುಡುಗನಿಗೆ ಈ ಇಬ್ಬರೂ ಹತ್ತಿರದವರೆನಿಸುತ್ತಾರೆ. ಗವಾಸ್ಕರ್ 1971ರಲ್ಲಿ ವೆಸ್ಟ್ ಇಂಡೀಸ್‌ಗೆ ಹೋಗಿ ತಮ್ಮ ಮೊದಲ ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ 774 ರನ್ ಹೊಡೆದರು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥ್ ಔಟಾಗದೆ 97. ವಿಶ್ವನಾಥ್ ಅವರ ಸ್ಕ್ವೇರ್ ಕಟ್‌ನ ವಿಡಿಯೋ ಸಿಕ್ಕಿದರೆ ಹುಡುಗನಿಗೆ ತೋರಿಸಿ, ಚೆಂಡು ಅವರ ಸೊಂಟದ ಯಾವ ಮಟ್ಟದಲ್ಲಿದೆ, ಹಿಂದಿನ ಕಾಲು ಕ್ರೀಸಿನಲ್ಲಿ ಎಷ್ಟು ಆಳಕ್ಕೆ ಹೋಗಿದೆ ಎಂದು ನಿಲ್ಲಿಸಿ ನಿಲ್ಲಿಸಿ ಕೇಳಿ. ಸಚಿನ್ ಹೆಸರು ಬೇಕೇ ಬೇಕೆಂದರೆ 1992ರ ಪರ್ತ್ ಶತಕ ತೋರಿಸಿ. ಚೆಂಡು ಅಷ್ಟು ಪುಟಿಯುವ ಪಿಚ್‌ನಲ್ಲಿ 18 ವರ್ಷದ ಹುಡುಗ 114 ಹೊಡೆದದ್ದರಲ್ಲಿ ಹಿಂದಿನ ಕಾಲಿನ ಆಟ ಚೆನ್ನಾಗಿ ಕಾಣುತ್ತದೆ.

ಹುಡುಗ ವೇಗದ ಬೌಲರ್ ಆಗಿದ್ದರೆ ಮಾತು ಸ್ವಲ್ಪ ಬೇರೆ. ಅಲ್ಲಿ ಎತ್ತರ ಕೆಲಸ ಮಾಡುತ್ತದೆ, ಮೇಲಿನಿಂದ ಬಿಟ್ಟ ಚೆಂಡು ಹೆಚ್ಚು ಪುಟಿಯುತ್ತದೆ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಿ. ಆರಡಿ ಎಂಟು ಇಂಚಿನ ಜೋಯೆಲ್ ಗಾರ್ನರ್ ಮತ್ತು ಆರಡಿಗೂ ಒಂದಿಂಚು ಕಡಿಮೆಯ ಮಾಲ್ಕಮ್ ಮಾರ್ಷಲ್ ಒಂದೇ ತಂಡದಲ್ಲಿ ಆಡಿದವರು. ಟೆಸ್ಟ್‌ನಲ್ಲಿ ಇಬ್ಬರೂ ವಿಕೆಟ್‌ಗೆ ಕೊಟ್ಟ ರನ್ ಸುಮಾರು 21. ಗಾರ್ನರ್ ಎತ್ತರದಿಂದ ಪುಟಿಸಿದರು; ಮಾರ್ಷಲ್ ಚೆಂಡು ನೆಲ ಮುಟ್ಟಿ ಜಾರಿ ಬ್ಯಾಟ್ಸ್‌ಮನ್ ಅಂದುಕೊಂಡದ್ದಕ್ಕಿಂತ ಬೇಗ ಬರುತ್ತಿತ್ತು, ಸ್ವಿಂಗ್ ಕೂಡ ಇತ್ತು. ಗಿಡ್ಡ ಬೌಲರ್‌ಗೆ ಲೆಂಗ್ತ್ ಒಂದಿಷ್ಟು ಮುಂದಿರಲಿ, ಸ್ಟಂಪ್‌ಗೆ ಗುರಿ ಇರಲಿ ಎಂದು ಹೇಳಿಕೊಡಿ.

ಎಲ್ಲಿ ಕೆಡುತ್ತದೆ

"ಇನ್ನೆರಡು ವರ್ಷದಲ್ಲಿ ಉದ್ದ ಆಗ್ತೀಯ ಬಿಡು" ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುತ್ತದೆ. ಹುಡುಗರು ಭರಭರನೆ ಬೆಳೆಯುವುದು ಸಾಮಾನ್ಯವಾಗಿ 14ರ ಆಸುಪಾಸಿನಲ್ಲಿ, ಆದರೆ ಕೆಲವರಿಗೆ 12ಕ್ಕೇ ಆಗಿಹೋಗುತ್ತದೆ, ಕೆಲವರಿಗೆ 16ರವರೆಗೂ ತಡವಾಗುತ್ತದೆ. ಯಾರು ಎಷ್ಟು ಬೆಳೆಯುತ್ತಾರೆ ಎಂದು ಕೋಚ್ ಮಾತು ಕೊಡಲಾರ. ಕೊಟ್ಟರೆ ಹುಡುಗ ಬ್ಯಾಟಿಂಗ್ ಬಿಟ್ಟು ಬಾಗಿಲ ಚೌಕಟ್ಟಿಗೆ ಗೀರು ಹಾಕಿ ಕಾಯುತ್ತಾನೆ. ಬೆಳೆಯದಿದ್ದರೆ ನಿಮ್ಮ ಬೇರೆ ಮಾತುಗಳನ್ನೂ ನಂಬುವುದಿಲ್ಲ.

ತದ್ವಿರುದ್ಧವಾದ ತಪ್ಪೂ ಇದೆ. ಬೇಗ ಬೆಳೆದ ಹುಡುಗ 13ರಲ್ಲಿ ಬಲದಿಂದಲೇ ಬೌಂಡರಿ ದಾಟಿಸುತ್ತಾನೆ, ಸೆಲೆಕ್ಟರ್ ಕಣ್ಣಿಗೆ ಬೀಳುತ್ತಾನೆ. ಅವನಿಗೆ ಪ್ರತಿಭೆ ಇಲ್ಲ ಎಂದು ಇವನ ಮುಂದೆ ಆಡಬೇಡಿ. ಅವನದು ಸದ್ಯದ ಅನುಕೂಲ, ಉಳಿದವರು ಬೆಳೆದಾಗ ಆ ಅಂತರ ಕಿರಿದಾಗುತ್ತದೆ ಎಂದರೆ ಸಾಕು. ತಂಡದಲ್ಲಿ "ಛೋಟೂ", "ಬುಟ್ಕ್ಯಾ" ಎಂದು ಕೂಗುವುದನ್ನು ಅಂದಿನಿಂದಲೇ ನಿಲ್ಲಿಸಿ, ಪ್ರೀತಿಯಿಂದ ಕೂಗಿದ್ದಾದರೂ ಸರಿ. ಕೋಚ್ ಬಾಯಿಂದ ಬಂದರೆ ಅದು ತಂಡದ ಹೆಸರಾಗಿ ಅಂಟಿಕೊಳ್ಳುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಫೋನ್ ಸಾಕು. ಗಿಡ್ಡಗಿದ್ದಾನೆಂದು ಉದ್ದವಾಗುವ ಪುಡಿ, ಔಷಧಿ ಕೊಡಿಸಬಾರದು, ಕಂಬಿಗೆ ಜೋತುಬಿದ್ದರೆ ಉದ್ದವಾಗುತ್ತಾನೆಂಬುದಕ್ಕೆ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಮೂರು ತಿಂಗಳಿಗೊಮ್ಮೆ, ಬರಿಗಾಲಲ್ಲಿ, ಬೆಳಗ್ಗೆಯೇ, ಒಂದೇ ಗೋಡೆಗೆ ನಿಲ್ಲಿಸಿ ಅಳೆಯಲಿ. ಸಂಜೆಗೆ ಎತ್ತರ ಒಂದು ಸೆಂ.ಮೀ.ವರೆಗೂ ಇಳಿಯುವುದರಿಂದ ಹೊತ್ತು ಬದಲಿಸಿದರೆ ಲೆಕ್ಕ ತಪ್ಪುತ್ತದೆ. ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯುತ್ತಿಲ್ಲವಾದರೆ ಮಕ್ಕಳ ವೈದ್ಯರಿಗೆ ತೋರಿಸಲಿ, ಅದು ಕ್ರಿಕೆಟ್ಟಿನ ಮಾತಲ್ಲ. ಬದಲಿಗೆ ಮೂರು ತಿಂಗಳಲ್ಲಿ ಎರಡು ಸೆಂ.ಮೀ.ಗಿಂತ ಹೆಚ್ಚು ಬೆಳೆದಿದ್ದರೆ ನಿಮಗೆ ತಿಳಿಸಲಿ. ಆ ತಿಂಗಳುಗಳಲ್ಲಿ ಕೈಕಾಲಿನ ಅಂದಾಜು ತಪ್ಪುತ್ತದೆ, ಕಟ್‌ಗೆ ಬ್ಯಾಟ್ ತಗಲದೆ ಹೋಗುತ್ತದೆ, ಮೊಣಕಾಲಿನ ಕೆಳಗಿನ ಎಲುಬಿನ ಉಬ್ಬಿನಲ್ಲಿ ನೋವು ಬರಬಹುದು. ಆಗ ಓಟ, ಜಿಗಿತ ಕಡಿಮೆ ಮಾಡಿ, ಕಂಬದ ಟೇಪುಗಳನ್ನು ಅವನ ಹೊಸ ಸೊಂಟ, ಭುಜದ ಮಟ್ಟಕ್ಕೆ ಏರಿಸಿ, ಹನ್ನೆರಡು ಚೆಂಡಿನ ಪರೀಕ್ಷೆಯನ್ನು ಮತ್ತೆ 4 ಮತ್ತು 8 ಮೀಟರಿನಿಂದ ಶುರು ಮಾಡಿ.